ಉದ್ರಿ ಎಷ್ಟು ದಿನಕ್ಕೆ ಕೈಸೇರುತ್ತದೆ: ನಾನು ಲೆಕ್ಕ ಹಾಕುವ ಬಗೆ

ಹಾವೇರಿಯಲ್ಲಿ ಕೀಟನಾಶಕ ಸಗಟು ಮಾರುವ ಮಳಿಗೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸರಕೆಲ್ಲ ಹಳ್ಳಿಯ ಗೊಬ್ಬರದಂಗಡಿಗಳಿಗೆ ಉದ್ರಿಯಲ್ಲೇ ಹೋಗುತ್ತದೆ. ಅಂಕಿಗಳನ್ನು ದುಂಡಗೆ ಮಾಡಿ ಹೇಳುವುದಾದರೆ, ವರ್ಷದ ಮಾರಾಟ ತೆರಿಗೆ ಸೇರಿ 360 ಲಕ್ಷ ರೂಪಾಯಿ. ಮಾರ್ಚ್ 31ಕ್ಕೆ ಅಂಗಡಿಗಳಿಂದ ಬರಬೇಕಾದ ಬಾಕಿ 30 ಲಕ್ಷ. ಮಾರಾಟವನ್ನು ಬಾಕಿಯಿಂದ ಭಾಗಿಸಿದರೆ 12. ಬಾಕಿ ವರ್ಷಕ್ಕೆ ಹನ್ನೆರಡು ಬಾರಿ ವಸೂಲಾಗಿ ಹೊಸದಾಗುತ್ತದೆ ಎಂದು ಇದರರ್ಥ. ಇದೇ ರಿಸೀವಬಲ್ಸ್ ಟರ್ನೋವರ್. 365ನ್ನು 12ರಿಂದ ಭಾಗಿಸಿದರೆ ಸುಮಾರು 30 ದಿನ, ಅದು ಡಿಎಸ್‌ಒ, ಅಂದರೆ ಉದ್ರಿ ಕೈಸೇರಲು ಹಿಡಿಯುವ ಸರಾಸರಿ ದಿನಗಳು.

ಬ್ಯಾಂಕಿಗೆ ಕೊಡುವ ಕಾಗದದಲ್ಲಿ ಈ 30 ಬಹಳ ಚಂದ ಕಾಣುತ್ತದೆ. ಆದರೆ ಯಜಮಾನರು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ತಿಂಗಳಿಗೇ ದುಡ್ಡು ಬರುತ್ತಿದ್ದರೆ ಓವರ್‌ಡ್ರಾಫ್ಟ್ ಏಕೆ ಇಳಿಯುವುದಿಲ್ಲ?"

ಕಾರಣ ಹಂಗಾಮಿನಲ್ಲಿದೆ. ನಮ್ಮ ಮಾರಾಟದಲ್ಲಿ 210 ಲಕ್ಷ ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳದ್ದು. ಗೋವಿನಜೋಳ, ಹತ್ತಿಗೆ ಔಷಧಿ ಹೊಡೆಯುವ ಕಾಲ ಅದು. ಫಸಲು ಮಾರಾಟವಾದ ಮೇಲೆ ರೈತ ಅಂಗಡಿಗೆ ಕೊಡುತ್ತಾನೆ, ಅಂಗಡಿಯವನು ನಮಗೆ ಕೊಡುತ್ತಾನೆ. ಮಾರ್ಚ್ ಹೊತ್ತಿಗೆ ಹಳೆಯದೆಲ್ಲ ಬಹುಪಾಲು ತೀರಿರುತ್ತದೆ, ಹೊಸ ಮಾರಾಟವೂ ತಿಂಗಳಿಗೆ 10 ಲಕ್ಷ ಮೀರುವುದಿಲ್ಲ. ಹೀಗಾಗಿ ವರ್ಷದಲ್ಲೇ ಅತಿ ಕಡಿಮೆ ಬಾಕಿ ಇರುವ ದಿನಗಳಲ್ಲೊಂದನ್ನು ಹಿಡಿದು ಇಡೀ ವರ್ಷದ ಮಾರಾಟದ ಪಕ್ಕ ನಿಲ್ಲಿಸಿದಂತಾಗುತ್ತದೆ. ಅದೇ ಸೂತ್ರವನ್ನು ಆಗಸ್ಟ್ 31ಕ್ಕೆ ಹಾಕಿ ನೋಡಿ. ಅಂದು ಬಾಕಿ 180 ಲಕ್ಷ. ಡಿಎಸ್‌ಒ 182 ದಿನ! ಅಂಗಡಿಯವರು ಬದಲಾಗಿಲ್ಲ, ತಾರೀಖು ಬದಲಾಗಿದೆ ಅಷ್ಟೆ.

ಅದಕ್ಕೆ ನಾನು ಹಿಂದಕ್ಕೆ ಎಣಿಸುತ್ತೇನೆ. ಆಗಸ್ಟಿನ 180 ಲಕ್ಷದಲ್ಲಿ ಮೊದಲು ಆ ತಿಂಗಳ ಮಾರಾಟ 60 ಲಕ್ಷ ಕಳೆಯುತ್ತೇನೆ: 31 ದಿನ. ಉಳಿದ 120ರಲ್ಲಿ ಜುಲೈ ತಿಂಗಳ 80 ಕಳೆದರೆ ಮತ್ತೆ 31 ದಿನ. ಇನ್ನುಳಿದ 40 ಲಕ್ಷ ಜೂನ್ ತಿಂಗಳ 70 ಲಕ್ಷದ ಒಂದು ಭಾಗ, ಅಂದರೆ 30 ದಿನಗಳಲ್ಲಿ 17. ಒಟ್ಟು 79 ದಿನ. ಮಾರ್ಚ್ 31ರ 30 ಲಕ್ಷಕ್ಕೂ ಹಾಗೆಯೇ: ಮಾರ್ಚ್, ಫೆಬ್ರುವರಿ, ಜನವರಿ ತಲಾ 10 ಲಕ್ಷ, ಒಟ್ಟು 90 ದಿನ. ಒಂದು ಕಡೆ 30, ಇನ್ನೊಂದು ಕಡೆ 182 ಎನ್ನುತ್ತಿದ್ದ ಲೆಕ್ಕ ಈಗ 79 ಮತ್ತು 90ಕ್ಕೆ ಬಂದು ನಿಂತಿತು. ಹನ್ನೆರಡು ತಿಂಗಳ ಕೊನೆಯ ಬಾಕಿಗಳ ಸರಾಸರಿ ತೆಗೆದೆ, 83 ಲಕ್ಷ ಬಂತು. ಅದರಿಂದ ಲೆಕ್ಕ ಹಾಕಿದರೂ 84 ದಿನ. ಕಂಪನಿಗೆ ನಾವು 45 ದಿನಕ್ಕೆ ಹಣ ಕಟ್ಟಬೇಕು. ನಡುವಿನ 39 ದಿನಗಳ ಖರೀದಿ ಹಣ, ಸುಮಾರು 35 ಲಕ್ಷ, ಓವರ್‌ಡ್ರಾಫ್ಟಿನಿಂದಲೇ ಬರಬೇಕು. ಯಜಮಾನರ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಎಣಿಸುವ ಮೊದಲು ಬಾಕಿಯನ್ನು ಸೋಸಿಕೊಳ್ಳಬೇಕು. ಬಾಕಿಯಲ್ಲಿ ಜಿಎಸ್‌ಟಿ ಇರುತ್ತದೆ, ಲಾಭನಷ್ಟ ಪಟ್ಟಿಯ ಮಾರಾಟದಲ್ಲಿ ಇರುವುದಿಲ್ಲ. ಕೀಟನಾಶಕಕ್ಕೆ ತೆರಿಗೆ 18 ಪ್ರತಿಶತ. ಎರಡನ್ನೂ ಬೆರೆಸಿದರೆ ದಿನಗಳೂ ಅಷ್ಟೇ ಪಾಲು ಉಬ್ಬುತ್ತವೆ. ಮುಂದಿನ ತಾರೀಖಿನ ಚೆಕ್ ಕೈಗೆ ಬಂದ ದಿನವೇ ಜಮೆ ಬರೆಯುವ ರೂಢಿ ಹಲವೆಡೆ ಇದೆ. ಹಣ ಬರುವ ಮೊದಲೇ ಬಾಕಿ ಇಳಿದಂತೆ ಕಾಣುತ್ತದೆ. ಕೆಲವು ಅಂಗಡಿಯವರು ಬುಕಿಂಗಿಗೆ ಕೊಟ್ಟ ಮುಂಗಡವೂ ಅದೇ ಗುಂಪಿನಲ್ಲಿ ಕುಳಿತು ಬೇರೆಯವರ ಬಾಕಿಯನ್ನು ಮರೆಮಾಚುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ವಾಪಸ್ ಬರುವ ಸರಕು. ಒಂದು ಅಂಗಡಿಯ ಖಾತೆ ಹೀಗಿತ್ತು: ಜುಲೈನಲ್ಲಿ 4 ಲಕ್ಷದ ಬಿಲ್, ಅಕ್ಟೋಬರಿನಲ್ಲಿ ಬಾಕಿ 1 ಲಕ್ಷ. ಒಳ್ಳೆಯ ಗಿರಾಕಿ ಎಂದುಕೊಳ್ಳಬೇಕು. ಆದರೆ ಇಳಿದ 3 ಲಕ್ಷದಲ್ಲಿ 2 ಲಕ್ಷ ಕ್ರೆಡಿಟ್ ನೋಟ್, ಮಾರಾಟವಾಗದ ಡಬ್ಬಿಗಳು ಹಿಂದಿರುಗಿದ್ದವು. ನಗದು ಬಂದದ್ದು ಒಂದೇ ಲಕ್ಷ. ಹಾಗಾಗಿ ವಾಪಸಾದದ್ದನ್ನು ಅದು ಮೂಲತಃ ಮಾರಾಟವಾದ ತಿಂಗಳಿನಿಂದಲೇ ಕಳೆಯುತ್ತೇನೆ. ಆಗ ಅವನ ಜುಲೈ ಮಾರಾಟ 2 ಲಕ್ಷ, ಅದರಲ್ಲಿ ಅರ್ಧ ಇನ್ನೂ ಬಾಕಿ.

ಇಷ್ಟೆಲ್ಲ ಮಾಡಿದರೂ 84 ಎನ್ನುವುದು ಎಲ್ಲರನ್ನೂ ಸೇರಿಸಿದ ಸಂಖ್ಯೆ. ಸರಿಯಾಗಿ ಕೊಡುವ ಒಬ್ಬ ದೊಡ್ಡ ಗಿರಾಕಿ ಇದ್ದರೆ ಅವನ ಹಿಂದೆ ಹತ್ತು ಮಂದಿ ಅಡಗಬಹುದು. ಯಾರು ತಡ ಮಾಡುತ್ತಾರೆ ಎಂದು ತಿಳಿಯಲು ಬಿಲ್‌ವಾರು ಲೆಕ್ಕವೇ ಬೇಕು. ಟ್ಯಾಲಿಯಲ್ಲಿ ರಸೀದಿ ಬರೆಯುವಾಗ `On Account` ಎಂದು ಹಾಕದೆ, `Agst Ref` ಆರಿಸಿ ಯಾವ ಬಿಲ್ಲಿನ ಹಣ ಎಂದು ತೋರಿಸುವಂತೆ ನಮ್ಮ ಹುಡುಗನಿಗೆ ಹೇಳಿದ್ದೇನೆ. ಸಂತೆಯ ದಿನ ಜನ ತುಂಬಿರುವಾಗ ಅವನಿಗೆ ಇದು ಕಿರಿಕಿರಿ. ಆದರೆ ಹೋದ ಹಂಗಾಮಿನ ಬಿಲ್ ತೀರಿಸದ ಅಂಗಡಿಗಳ ಪಟ್ಟಿ ಮೇ ತಿಂಗಳಲ್ಲೇ ಯಜಮಾನರ ಮೇಜಿನ ಮೇಲಿರುತ್ತದೆ, ಜೂನ್ ತಿಂಗಳ ಸರಕು ಯಾರಿಗೆ ಎಷ್ಟು ಎಂಬುದನ್ನು ಅವರು ಅದನ್ನು ನೋಡಿಯೇ ಗೊತ್ತುಮಾಡುತ್ತಾರೆ.