ಪುಣೆಯಲ್ಲಿ ಒಬ್ಬನ ಊಟದ ಲೆಕ್ಕ: ಉಳಿತಾಯವನ್ನು ತಿನ್ನುವ ಆ ಹತ್ತು ಆರ್ಡರ್

"ಮನೇಲಿ ಮಾಡ್ಕೊಂಡ್ರೆ ಅಗ್ಗ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಅಗ್ಗ ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ. ನಾನು ವಾಕಡ್‌ನಲ್ಲಿ ಒಬ್ಬನೇ ಇರುತ್ತೇನೆ, ಕೆಲಸ ಹಿಂಜೇವಾಡಿಯಲ್ಲಿ. ನನ್ನ ಊರಿನ ಕಡೆಯ ಹುಡುಗರು ಇಲ್ಲಿ ತುಂಬಾ ಜನ ಇದ್ದಾರೆ, ಎಲ್ಲರದ್ದೂ ಇದೇ ಪ್ರಶ್ನೆ. ಹಾಗಾಗಿ ಒಂದು ತಿಂಗಳು ಪೂರ್ತಿ ತರಿಸಿಕೊಂಡು ತಿಂದೆ. ಮುಂದಿನ ತಿಂಗಳು ಮನೆಯಲ್ಲೇ ಅಡುಗೆ ಮಾಡಿದೆ. ಎರಡಕ್ಕೂ ರೂಪಾಯಿ ರೂಪಾಯಿ ಬರೆದಿಟ್ಟೆ. ಮಧ್ಯಾಹ್ನ, ರಾತ್ರಿ ಸೇರಿ ತಿಂಗಳಿಗೆ 60 ಊಟ ಅಂತ ಇಟ್ಟುಕೊಂಡಿದ್ದೇನೆ. ಚಹಾ, ತಿಂಡಿ ಎರಡೂ ಕಡೆ ಒಂದೇ, ಅದನ್ನು ಬಿಟ್ಟಿದ್ದೇನೆ.

ಮೊದಲು ಆರ್ಡರ್ ಬಿಲ್ ನೋಡೋಣ. ರಾತ್ರಿ ಒಂದು ದಾಲ್ ಖಿಚಡಿ ತರಿಸಿದೆ ಅಂದುಕೊಳ್ಳಿ. ಆ್ಯಪ್‌ನಲ್ಲಿ ಅದರ ಬೆಲೆ 160. ಪ್ಯಾಕಿಂಗ್ 15. ಈ ಎರಡರ ಮೇಲೆ ಶೇಕಡಾ 5 ಜಿಎಸ್‌ಟಿ, ಹತ್ತಿರ ಹತ್ತಿರ 9 ರೂಪಾಯಿ. ಡೆಲಿವರಿ 30, ಪ್ಲಾಟ್‌ಫಾರ್ಮ್ ಫೀ 12. 2025ರ ಸೆಪ್ಟೆಂಬರ್ 22ರಿಂದ ಡೆಲಿವರಿ ಚಾರ್ಜ್ ಮೇಲೂ ಶೇಕಡಾ 18 ಜಿಎಸ್‌ಟಿ ಬಂದಿದೆ. ಹಾಗಾಗಿ ಈ 42 ರೂಪಾಯಿಗೆ ಇನ್ನೊಂದು 7-8 ರೂಪಾಯಿ ತೆರಿಗೆ. ಒಟ್ಟು 233. ಅದೇ ಹೋಟೆಲ್ ನಮ್ಮ ಓಣಿಯ ಹಿಂದೆಯೇ ಇದೆ. ಒಮ್ಮೆ ನಡೆದು ಹೋಗಿ ಬೋರ್ಡ್ ನೋಡಿದೆ, ಅಲ್ಲಿ ಖಿಚಡಿಗೆ 130. ಆ್ಯಪ್‌ಗೆ ಕಮಿಷನ್ ಕೊಡಬೇಕಾಗುತ್ತದೆ ಅಂತ ಹೋಟೆಲ್‌ನವರು ಅಲ್ಲಿ ಬೆಲೆ ಏರಿಸಿಯೇ ಇಟ್ಟಿರುತ್ತಾರೆ. ಅಂದರೆ 130ರ ಊಟ ಬಾಗಿಲಿಗೆ ಬರುವಾಗ 233 ಆಗಿತ್ತು. ಈ ಬಿಲ್‌ನಲ್ಲಿ ಪಲ್ಯ ಇಲ್ಲ, ಮೊಸರೂ ಇಲ್ಲ.

ಕೂಪನ್ ಇರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ. ಅದನ್ನೆಲ್ಲ ಕಳೆದ ಮೇಲೂ ನನಗೆ ಒಂದು ಊಟಕ್ಕೆ ಸರಾಸರಿ 210 ಬಿತ್ತು. ಇಂತಿಷ್ಟು ರೂಪಾಯಿ ಮೇಲೆ ಆರ್ಡರ್ ಮಾಡಿದರೆ ಡೆಲಿವರಿ ಉಚಿತ ಅನ್ನುವ ಕಡೆ, ಆ ಮೊತ್ತ ಮುಟ್ಟಿಸಲು ಬೇಡದ ಒಂದು ಐಟಂ ಸೇರಿಸಬೇಕಾಗುತ್ತದೆ. 30 ರೂಪಾಯಿ ಉಳಿಸಲು 60 ರೂಪಾಯಿ ಖರ್ಚು. 60 ಊಟಕ್ಕೆ ತಿಂಗಳ ಲೆಕ್ಕ 12,600.

ಈಗ ಮನೆ ತಟ್ಟೆ. ಅನ್ನ, ಬೇಳೆ ಸಾರು, ಒಂದು ಪಲ್ಯ, ಮೊಸರು. ಅಕ್ಕಿ 100 ಗ್ರಾಂ, ಕಿಲೋಗೆ 60ರಂತೆ 6 ರೂಪಾಯಿ. ತೊಗರಿಬೇಳೆ 40 ಗ್ರಾಂ, ಕಿಲೋಗೆ 150ರಂತೆ ಅದೂ 6. ಸಾರಿಗೆ ಟೊಮೆಟೊ, ಒಗ್ಗರಣೆಗೆ ಈರುಳ್ಳಿ, ಮೆಣಸಿನಕಾಯಿ ಎಲ್ಲ ಸೇರಿ 8. ಪಲ್ಯಕ್ಕೆ ಪಾವ್ ಕಿಲೋ ತರಕಾರಿ 20 ರೂಪಾಯಿ, ಅದು ಎರಡು ಹೊತ್ತಿಗೆ ಬರುತ್ತದೆ, ಹಾಗಾಗಿ 10. ಎಣ್ಣೆ, ಮಸಾಲೆ 6. ಮೊಸರು 8. ಗ್ಯಾಸ್ 4. ಒಟ್ಟು 48.

ಗ್ಯಾಸ್ ಬಗ್ಗೆ ಒಂದು ಮಾತು. ಬಾಡಿಗೆ ಮನೆಯವರಿಗೆ 14.2 ಕಿಲೋ ಕನೆಕ್ಷನ್ ತಲೆನೋವು, ವಿಳಾಸದ ದಾಖಲೆ ಕೇಳುತ್ತಾರೆ. 5 ಕಿಲೋದ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಕಿಲೋ ಲೆಕ್ಕದಲ್ಲಿ ಅದು ದುಬಾರಿಯೇ, ಆದರೆ ಒಬ್ಬನಿಗೆ ಎರಡು ತಿಂಗಳ ಹತ್ತಿರ ಬರುತ್ತದೆ. ನನಗೆ 520 ಬಿತ್ತು. ಇಂಡಕ್ಷನ್ ಇಟ್ಟುಕೊಂಡವರು ಕರೆಂಟ್ ಬಿಲ್ ನೋಡಬೇಕು. ಇಲ್ಲಿ ಮಹಾವಿತರಣದ ಬಿಲ್‌ನಲ್ಲಿ 100 ಯೂನಿಟ್ ದಾಟಿದ ಮೇಲೆ ಯೂನಿಟ್ ದರ ಸುಮಾರು ದುಪ್ಪಟ್ಟಾಗುತ್ತದೆ.

ಚಪಾತಿ ನಾನು ಲಟ್ಟಿಸುವುದಿಲ್ಲ. ಒಬ್ಬನಿಗೆ ಹಿಟ್ಟು ಕಲಸಿ, ಲಟ್ಟಿಸಿ, ಬೇಯಿಸಿ, ತೊಳೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗುತ್ತದೆ. ಪುಣೆಯಲ್ಲಿ ಚಪಾತಿಗೆ ಪೋಳಿ ಅನ್ನುತ್ತಾರೆ, ಬೀದಿಗಳಲ್ಲಿ ಪೋಳಿ-ಭಾಜಿ ಕೇಂದ್ರಗಳಿವೆ. ಅಲ್ಲಿ ಬಿಸಿ ಪೋಳಿ, ಜೋಳದ ಭಾಕರಿ ಬಿಡಿಬಿಡಿಯಾಗಿ ಕೊಡುತ್ತಾರೆ. ನಾನು ಹೋಗುವಲ್ಲಿ ಪೋಳಿಗೆ 10 ರೂಪಾಯಿ. ಎರಡು ತಂದು ಮನೆಯ ಬೇಳೆ, ಪಲ್ಯದ ಜೊತೆ ತಿಂದರೆ ತಟ್ಟೆಗೆ 62 ಆಗುತ್ತದೆ, ಅಕ್ಕಿಯ 6 ಕಳೆದು 20 ಸೇರಿಸಿ. ಪುಣೆಯಲ್ಲಿ ಒಬ್ಬನೇ ಇರುವವನಿಗೆ ಇದರಷ್ಟು ಒಳ್ಳೆಯ ಅನುಕೂಲ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. 233 ಎಲ್ಲಿ, 48 ಎಲ್ಲಿ! ಆದರೆ ತಿಂಗಳ ಕೊನೆಗೆ ನನ್ನ ಜೇಬಿನಿಂದ ಹೋದ ದುಡ್ಡು ಈ 48ಕ್ಕೆ ಹೊಂದಲಿಲ್ಲ. ಕಿರಾಣಿ 1,330. ತರಕಾರಿ 1,200. ಮೊಸರು 460. ಪೋಳಿ 400. ಗ್ಯಾಸ್ 200. ಮೊಬೈಲ್‌ನಲ್ಲಿ ಹತ್ತು ನಿಮಿಷಕ್ಕೆ ಸಾಮಾನು ತರಿಸಿದಾಗ ಹಾಕಿದ ಹ್ಯಾಂಡ್ಲಿಂಗ್, ಡೆಲಿವರಿ ಫೀ 150. ಒಟ್ಟು 3,740.

ಇದರಲ್ಲಿ ಡಬ್ಬಿಯಲ್ಲಿ ಉಳಿದದ್ದನ್ನು ಕಳೆಯಬೇಕು. ಅಂಗಡಿಯವರು ವರ್ಷದ ಕೊನೆಗೆ ಸ್ಟಾಕ್ ತೆಗೆದ ಹಾಗೆ ನಾನು ತಿಂಗಳ ಕೊನೆಯ ರಾತ್ರಿ ಡಬ್ಬಿಗಳನ್ನು ತಕ್ಕಡಿ ಮೇಲೆ ಇಟ್ಟೆ. ಖಾಲಿ ಡಬ್ಬಿಯ ತೂಕವನ್ನು ಮೊದಲೇ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೆ. ಅಕ್ಕಿ, ಬೇಳೆ, ಎಣ್ಣೆ, ಸಾಸಿವೆ, ಸಾಂಬಾರ್ ಪುಡಿ ಎಲ್ಲ ಸೇರಿ 550 ರೂಪಾಯಿ ಸಾಮಾನು ಉಳಿದಿತ್ತು. ಅದು ಮುಂದಿನ ತಿಂಗಳ ಊಟ, ಈ ತಿಂಗಳ ಖರ್ಚಲ್ಲ. ಮೊದಲ ತಿಂಗಳು ಅಡುಗೆ ಶುರು ಮಾಡಿದವರಿಗೆ "ಇದೇನು ಉಳಿಯಲೇ ಇಲ್ಲ" ಅನಿಸುವುದು ಇದನ್ನು ಕಳೆಯದೆ ನೋಡುವುದರಿಂದ. ಕಳೆದರೆ 3,190.

ಆ ತಿಂಗಳು ಮನೆಯಲ್ಲಿ ಆದದ್ದು 60 ಊಟವಲ್ಲ, ಸುಮಾರು 50. ಭಾಗಿಸಿದರೆ ಊಟಕ್ಕೆ 64 ಬರುತ್ತದೆ. ಅನ್ನದ ತಟ್ಟೆ, ಪೋಳಿ ತಟ್ಟೆ ಸೇರಿಸಿ ಸರಾಸರಿ 54 ಬರಬೇಕಿತ್ತು. ಊಟಕ್ಕೆ ಹತ್ತು ರೂಪಾಯಿ ಜಾಸ್ತಿ, ತಿಂಗಳಿಗೆ ಸುಮಾರು 500. ಇದು ಎಲ್ಲಿ ಹೋಯಿತು ಅಂತ ನನಗೆ ಗೊತ್ತಾಗಿದ್ದು ಫ್ರಿಜ್ ಮೇಲೆ ಅಂಟಿಸಿದ ಒಂದು ಚೀಟಿಯಿಂದ. ಏನನ್ನಾದರೂ ಕಸಕ್ಕೆ ಹಾಕುವಾಗ ಅದಕ್ಕೆ ಕೊಟ್ಟ ದುಡ್ಡನ್ನು ಅಲ್ಲಿ ಬರೆಯುತ್ತಿದ್ದೆ. ಅರ್ಧ ಜುಡಿ ಕೊತ್ತಂಬರಿ, ಕರಗಿದ ಪಾಲಕ್, ಅರ್ಧ ಹೂಕೋಸು, ಹುಳಿ ಬಂದ ಮೊಸರು. ತರಕಾರಿ 300, ಮೊಸರು 60. ಉಳಿದದ್ದು ಆ ಡೆಲಿವರಿ ಫೀ.

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ಅಡುಗೆ ಆಗದ ಆ ಹತ್ತರಷ್ಟು ಹೊತ್ತು ನಾನು ಆರ್ಡರ್ ಮಾಡಿದ್ದೆ. ಕೂಪನ್ ಹಿಡಿಯದೆ 233ರಂತೆ ಹತ್ತು ಆರ್ಡರ್ ಅಂದರೆ 2,330. ಮನೆಯ ಐವತ್ತು ಊಟಕ್ಕೆ 3,190, ಹೊರಗಿನ ಹತ್ತಕ್ಕೆ 2,330! ಕೂಡಿಸಿದರೆ 5,520.

ಈ ಮೊತ್ತವನ್ನು 12,600ರ ಪಕ್ಕ ಇಟ್ಟರೆ ಅರ್ಧಕ್ಕಿಂತ ಕಡಿಮೆ ಅಂತ ಖುಷಿಯಾಗುತ್ತದೆ. ಆದರೆ ಹೊರಗಿನ ಊಟ ಅಂದರೆ ಆ್ಯಪ್ ಒಂದೇ ಅಲ್ಲ. ನಮ್ಮ ಕಟ್ಟಡಕ್ಕೆ ಮೆಸ್‌ನಿಂದ ಡಬ್ಬಾ ಬರುತ್ತದೆ. ಒಂದಕ್ಕೆ 90, ತಿಂಗಳಿಗೆ 5,400. ಅಂದರೆ ಅಡುಗೆ ಮಾಡಿ, ಪಾತ್ರೆ ತೊಳೆದು, ಮೇಲೆ ಹತ್ತು ಆರ್ಡರ್ ಹಾಕಿದವನು ಡಬ್ಬಾದವನಿಗಿಂತ 120 ರೂಪಾಯಿ ಜಾಸ್ತಿಯೇ ಖರ್ಚು ಮಾಡಿರುತ್ತಾನೆ. ಕುಕ್ಕರ್, ಬಾಣಲೆ, ಸ್ಟೋವ್‌ಗೆ ಹಾಕಿದ ದುಡ್ಡನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಇನ್ನೊಂದು 200. ನನ್ನ ಸಮಯಕ್ಕೆ ಮಾತ್ರ ಬೆಲೆ ಹಾಕಲಿಲ್ಲ. ಆ ಗಂಟೆಯಲ್ಲಿ ಬೇರೆ ಎಲ್ಲೂ ದುಡಿಯುವುದಿಲ್ಲ, ಮತ್ತೆ ಅಡುಗೆ ನನಗೆ ಇಷ್ಟ.

ಆರ್ಡರ್‌ಗಳ ಸಮಯ ತೆಗೆದು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ರಾತ್ರಿ ಒಂಬತ್ತರ ನಂತರದವು, ಮೀಟಿಂಗ್ ಎಳೆದ ದಿನ ಅಥವಾ ಹಿಂಜೇವಾಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ದಿನ. ಆ ದಿನಗಳಲ್ಲೂ ಮನೆಯಲ್ಲಿ ಬೇಳೆ, ತರಕಾರಿ ಇತ್ತು. ಇಲ್ಲದ್ದು ಕುಕ್ಕರ್ ಇಡುವಷ್ಟು ತ್ರಾಣ. ಹಾಗಾಗಿ ಮುಂದಿನ ತಿಂಗಳು ಸೊಪ್ಪಿನ ದರ ಚೌಕಾಸಿ ಮಾಡುವ ಬದಲು ಈ ರಾತ್ರಿಗಳಿಗೆ ಊಟ ಸಿದ್ಧ ಮಾಡಿಟ್ಟೆ.

ಎರಡು ಕೆಲಸ ಮಾಡಿದೆ. ಕುಕ್ಕರ್‌ನಲ್ಲಿ ಎರಡು ದಿನಕ್ಕಾಗುವಷ್ಟು ಬೇಳೆ ಬೇಯಿಸಿ, ಉಪ್ಪು, ಹುಳಿ ಏನೂ ಹಾಕದೆ ಫ್ರಿಜ್‌ನಲ್ಲಿ ಇಡುತ್ತೇನೆ. ಬೇಕಾದಾಗ ಅರ್ಧ ತೆಗೆದು ಒಗ್ಗರಣೆ ಹಾಕಿದರೆ ಹತ್ತು ನಿಮಿಷಕ್ಕೆ ಸಾರು. ಇನ್ನೊಂದು, ಖಡಕ್ ಜೋಳದ ರೊಟ್ಟಿ. ಅವ್ವ ಊರಿಂದ ಕಳಿಸುತ್ತಾಳೆ. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಮೇಲೆ ಒಂದು ಚಮಚ ಎಣ್ಣೆ. ಒಲೆ ಹಚ್ಚುವುದೇ ಬೇಡ. ಮನೆಯಿಂದ ಬಂದದ್ದನ್ನು ಉಚಿತ ಅಂತ ಬಿಡಬಾರದು, ಅದಕ್ಕೂ ಅಂಗಡಿ ದರವನ್ನೇ ಹಾಕಿದೆ. ಆದರೂ ಆ ಊಟ 40 ದಾಟಲಿಲ್ಲ. ಊರಿಂದ ಬರದವರು ಸೊಲ್ಲಾಪುರದ ಕಡಕ್ ಭಾಕರಿ ತಂದಿಟ್ಟುಕೊಳ್ಳಬಹುದು, ಪುಣೆಯ ಅಂಗಡಿಗಳಲ್ಲಿ ಸಿಗುತ್ತದೆ.

ತರಕಾರಿಗೆ ಒಂದೇ ನಿಯಮ ಮಾಡಿಕೊಂಡೆ. ಒಂದು ಸಲಕ್ಕೆ ಎರಡೇ ತರಕಾರಿ, ಎರಡೂ ಪಾವ್ ಕಿಲೋ, ಜೊತೆಗೆ ಒಂದು ಜುಡಿ ಸೊಪ್ಪು. ತಂದ ದಿನವೇ ಸೊಪ್ಪು, ಮರುದಿನ ಬೆಂಡೆ ಅಥವಾ ಬದನೆ, ಕೋಸು, ಗಜ್ಜರಿ ಕೊನೆಗೆ. ಗಾಡಿಯ ಮಾವಶಿ ಅರ್ಧ ಕಿಲೋ ತಗೊಂಡರೆ ಐದು ರೂಪಾಯಿ ಕಡಿಮೆ ಮಾಡುತ್ತೇನೆ ಅನ್ನುತ್ತಾರೆ. ಒಬ್ಬನಿಗೆ ಆ ಐದು ರೂಪಾಯಿ ಬೇಡ, ಉಳಿದದ್ದು ಕಸಕ್ಕೇ ಹೋಗುತ್ತದೆ.

ಆ ತಿಂಗಳು ಆರ್ಡರ್ ವಾರಕ್ಕೊಂದಕ್ಕೆ ಇಳಿಯಿತು, ಫ್ರಿಜ್ ಮೇಲಿನ ಚೀಟಿ ಬಹುತೇಕ ಖಾಲಿ ಉಳಿಯಿತು. ಒಟ್ಟು ಖರ್ಚು ಸುಮಾರು 4,200. ಪಾತ್ರೆಯ 200 ಸೇರಿಸಿದರೂ ಡಬ್ಬಾಕ್ಕಿಂತ ಸಾವಿರ ರೂಪಾಯಿ ಕಡಿಮೆ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ವಾರದಲ್ಲಿ ನಾಲ್ಕು ರಾತ್ರಿ ತಡವಾಗಿ ಬರುವವರು ಸುಮ್ನೆ ಡಬ್ಬಾ ಹಚ್ಚುವುದೇ ಮೇಲು. ಹಚ್ಚುವ ಮುಂಚೆ ಖಾಡಾ, ಅಂದರೆ ಊಟ ಬಿಟ್ಟ ದಿನದ ಲೆಕ್ಕ, ಹೇಗೆ ಹಿಡಿಯುತ್ತೀರಿ ಅಂತ ಮೆಸ್‌ನವರನ್ನು ಕೇಳಬೇಕು. ತಿನ್ನದ ದಿನದ ದುಡ್ಡನ್ನು ಕೆಲವರು ಹಿಂದಿನ ರಾತ್ರಿ ಹೇಳಿದರೆ ಕಳೆಯುತ್ತಾರೆ, ಕೆಲವರು ಸತತ ಮೂರ್ನಾಲ್ಕು ದಿನ ಇಲ್ಲದಿದ್ದರೆ ಮಾತ್ರ. ಶನಿವಾರ, ಭಾನುವಾರ ಊರಿಗೆ ಹೋಗುವವರಿಗೆ ಎರಡನೆಯ ತರಹದ ಮೆಸ್ ಬಿದ್ದರೆ 90ರ ಡಬ್ಬಾ 120ರ ಮೇಲೆ ಹೋಗುತ್ತದೆ.