"ಡಯಟ್ ಚಾರ್ಟ್ ಕಳ್ಸ್ರಿ" ಅಂದೋರಿಗೆ ನಾ ಕೇಳೋ ನಾಕು ಪ್ರಶ್ನೆ: ನನ್ನ ಅನುಭವ

ಗಂಗಾವತಿಯಾಗ ಜಿಮ್ ಹಾಕಿ ಹನ್ನೊಂದು ವರ್ಷ ಆತು. ಬೆಳಗಾದ್ರ ಫೋನಿಗೆ ಬರೋ ಮೆಸೇಜ್ ಒಂದ, "ಅಣ್ಣಾರ, ಒಂದ್ ಡಯಟ್ ಚಾರ್ಟ್ ಕಳ್ಸ್ರಿ". ವಯಸ್ಸಿಲ್ಲ, ಗುಳಿಗಿ ತಗೊಂತಾರೋ ಇಲ್ಲೋ ಇಲ್ಲ, ಏನ್ ಉಣ್ತಾರ ಅನ್ನೋದಿಲ್ಲ, ಯಾಕ ಬೇಕು ಅನ್ನೋದೂ ಇಲ್ಲ. ಜಿಮ್ ನಡ್ಸೋರಿಗೆ ಇದು ಹೊಸಾದಲ್ಲ. ನಾನೂ ಮೊದ್ಲು ಮುನ್ನೂರು ರೂಪಾಯಿ ತಗೊಂಡು ರೆಡಿ ಇರೋ ಒಂದ ಚಾರ್ಟ್ ಎಲ್ಲಾರಿಗೂ ಕಳಸ್ತಿದ್ದೆ. ಮುಂಜಾನೆ ಖಾಲಿ ಹೊಟ್ಟೀಲೆ ಮುಕ್ಕಾಲು ತಾಸು ವಾಕಿಂಗ್, ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಅನ್ನ ಬಂದ್, ಬರೇ ಮಜ್ಜಿಗಿ. ತಿಂಗಳಿಗೆ ಹದಿನೆಂಟು ಇಪ್ಪತ್ತು ಚಾರ್ಟ್ ಹೋಗ್ತಿದ್ವು, ಜಿಮ್ಮಿನ ಕರೆಂಟ್ ಬಿಲ್ ಅದರಾಗ ತೀರ್ತಿತ್ತು.

ಅದು ನಿಂತಿದ್ದು ಒಬ್ರ ಸಲುವಾಗಿ. ಕಿರಾಣಿ ಅಂಗಡಿ ಇಟ್ಟೋರು, ಐವತ್ತೆರಡು ವರ್ಷ, ಈ ವಯಸ್ಸು ನನಗ ಆಮ್ಯಾಲೆ ಗೊತ್ತಾಗಿದ್ದು. ಚಾರ್ಟ್ ಕೊಟ್ಟ ನಾಕನೇ ದಿನ ಗ್ರೌಂಡ್‌ನಾಗ ನಡೀತಾ ನಡೀತಾ ಮೈಯೆಲ್ಲಾ ಬೆವತು, ಕೈ ನಡುಗಿ, ಕುಂತಲ್ಲೇ ವಾಲಿದ್ರಂತ. ದವಾಖಾನಿಯಾಗ ಚೆಕ್ ಮಾಡಿದ್ರ ಸಕ್ರಿ ಐವತ್ತರ ಸುಮಾರು. ಎಪ್ಪತ್ತರ ಕೆಳಗ ಇಳಿದ್ರನ ಲೋ ಅಂತಾರ. ಸಂಜಿಗೆ ಅವರ ಮನಿಯವ್ರು ಗುಳಿಗಿ ಶೀಟ್ ತಂದು ನನ್ನ ಟೇಬಲ್ ಮ್ಯಾಲೆ ಇಟ್ರು, ಮಾತಾಡ್ಲಿಲ್ಲ. ಗ್ಲಿಮೆಪಿರೈಡ್, ಸಕ್ರಿ ಇಳಿಸೋ ಗುಳಿಗಿ. ಇದು ನೀವು ಉಂಡ್ರೂ ಉಣದಿದ್ರೂ ಇನ್ಸುಲಿನ್ ಹೊರಗ ಬರೋ ಹಂಗ ಮಾಡ್ತದ. ಅದನ್ನ ನುಂಗಿ, ರಾತ್ರಿ ಊಟ ಬಿಟ್ಟು, ಖಾಲಿ ಹೊಟ್ಟೀಲೆ ಮುಕ್ಕಾಲು ತಾಸು ನಡೆದ್ರ ಸಕ್ರಿ ಇಳೀಲಾರ್ದ ಏನಾಗ್ತದ. ಬರೇ ಮೆಟ್‌ಫಾರ್ಮಿನ್ ಅನ್ನೋ ಸಕ್ರಿ ಗುಳಿಗಿ ಇದ್ದಿದ್ರ ಹಿಂಗ ಆಗೋದು ಭಾಳ ಕಮ್ಮಿ. ಮುನ್ನೂರು ವಾಪಸ್ ಕೊಟ್ಟೆ, ಆದ್ರ ಆ ತಿಂಗಳು ಮಾತು ಹಬ್ಬಿ ಹತ್ತು ಹನ್ನೆರಡು ಮಂದಿ ಜಿಮ್ ಬಿಟ್ರು.

ಇನ್ನೊಂದು ಕಥಿ ಇದಕ್ಕಿಂತ ಹೊಟ್ಟಿ ಉರಿಸಿದ್ದು. ಕಾರಟಗಿ ಕಡೆ ಹುಡುಗ, ಅದ ಚಾರ್ಟ್ ತಗೊಂಡು ನಿಯತ್ತಿನಿಂದ ಮಾಡಿದ. ಅವ ತಯಾರಿ ಮಾಡ್ತಿದ್ದದ್ದು ಪೊಲೀಸ್ ಕಾನ್‌ಸ್ಟೇಬಲ್‌ಗೆ, ಆರೂವರಿ ನಿಮಿಷದಾಗ 1600 ಮೀಟರ್ ಓಡ್ಬೇಕು, ಎದಿ ಅಳತಿ 86 ಸೆಂಟಿಮೀಟರ್ ಇರ್ಬೇಕು. ಅವಂಗ ಮೈ ತುಂಬಬೇಕಿತ್ತು, ನಾ ಕೊಟ್ಟಿದ್ದು ಕರಗೋ ಚಾರ್ಟ್. ಆರು ನಿಮಿಷ ಚಿಲ್ಲರಿಯಾಗ ಓಡ್ತಿದ್ದವ ಏಳು ದಾಟಿದ. "ಅಣ್ಣಾ, ನೀವು ಕೇಳ್ಲೇ ಇಲ್ಲ" ಅಂದ. ಖರೆ, ಕೇಳಿರ್ಲಿಲ್ಲ.

ಆಮ್ಯಾಲೆ ಕೇಳಾಕ ಶುರು ಮಾಡ್ದೆ, ಅಲ್ಲೂ ಸೋತೆ. ಮೂವತ್ತೆರಡು ಪ್ರಶ್ನೆಯ ಫಾರಂ ಪ್ರಿಂಟ್ ಹೊಡಿಸಿದ್ದೆ, ಎಂಟುನೂರೋ ಸಾವಿರವೋ ಖರ್ಚಾತು. ತಗೊಂಡು ಹೋದೋರು ವಾಪಸ್ ಬರ್ಲಿಲ್ಲ. ಚಾರ್ಟ್ ತಿಂಗಳಿಗೆ ಮೂರಕ್ಕ ಇಳಿದ್ವು. ಪಕ್ಕದ ಓಣಿ ಜಿಮ್ಮಿನ ದೋಸ್ತ "ಗಿರಾಕಿ ಬಾಗ್ಲಾಗ ನಿಂತಾಗ ಪರೀಕ್ಷಾ ತಗೊಂಡ್ರ ಓಡ್ತಾನಲೇ" ಅಂದ. ಒಂದೂವರಿ ವರ್ಷ ಅವನ ಮಾತ ಖರೆ ಅನ್ನಿಸ್ತಿತ್ತು. ಫಾರಂ ಬಿಟ್ಟು ವಾಯ್ಸ್ ಮೆಸೇಜಿನಾಗ ನಾಕ ಪ್ರಶ್ನೆ ಇಟ್ಕೊಂಡ ಮ್ಯಾಲೆ ಗಾಡಿ ರಸ್ತೆಗೆ ಬಂತು.

ಮೊದಲನೇದು ವಯಸ್ಸು, ಅದನ್ನ ಎಲ್ಲಾರೂ ಹೇಳ್ತಾರ. ಎರಡನೇದಕ್ಕ "ಕಾಯಿಲೆ ಏನೈತಿ" ಅಂತ ಕೇಳಬಾರ್ದು. "ಏನಿಲ್ಲ, ಆರಾಮ ಅದೀನಿ" ಅಂತಾರ, ನಮ್ಮ ಕಡೆ ಸಕ್ರಿ, ಬಿಪಿ ಕಾಯಿಲೆ ಲೆಕ್ಕದಾಗ ಇಲ್ಲ. ಅದಕ್ಕ ನಾ ಕೇಳೋದು, "ಮನಿಯಾಗ ನೀವು ನುಂಗೋ ಗುಳಿಗಿ ಶೀಟ್ ಎಲ್ಲಾ ಒಂದ್ ಕಡೆ ಇಟ್ಟು ಫೋಟೋ ಹೊಡೀರಿ". ಕ್ಯಾಪ್ಸೂಲ್ ಡಬ್ಬಿ, ಇನ್ಸುಲಿನ್ ಪೆನ್ನೂ ಬರ್ತಾವ. ಮೂರನೇದು "ಏನ್ ಉಣ್ತೀರಿ" ಅಲ್ಲ, "ನಿನ್ನಿ ಎದ್ದಾಗಿಂದ ಮಲಗೋ ತನಕ ಬಾಯಿಗೆ ಏನೇನ್ ಹೋತು, ಚಹಾ ಸಮೇತ, ಎಷ್ಟೊತ್ತಿಗೆ". ಸೋಮವಾರ ಒಪ್ಪತ್ತು ಮಾಡ್ತಾರೋ ಇಲ್ಲೋ ಅನ್ನೋದೂ ಇದರಾಗ ಬರ್ತದ. ನಾಕನೇದು, "ಮೂರು ತಿಂಗಳು ಬಿಟ್ಟು ನಿಮಗ ಏನ್ ಮಾಡಾಕ ಬರ್ಬೇಕು". ಹೊಟ್ಟಿ ಕರಗ್ಬೇಕು ಅಂದೋರಿಗೂ ಇದನ್ನ ಮತ್ತ ಕೇಳ್ತೀನಿ. ಐದನೇ ಪ್ರಶ್ನೆ ಒಂದೈತಿ, ಕುಡಿತದ ಬಗ್ಗೆ ತಾವ ಬಾಯಿ ಬಿಡೋ ಹಂಗ ಮಾಡ್ತದ, ಅದನ್ನ ಇಲ್ಲಿ ಬರಿಯಂಗಿಲ್ಲ, ಅದು ನನ್ನ ಹೊಟ್ಟಿಪಾಡು.

ರೊಟ್ಟಿ ವಿಷಯ ಇಲ್ಲೇ ಹೇಳ್ಬೇಕು. "ಎರಡು ರೊಟ್ಟಿ" ಅಂತ ಚಾರ್ಟಿನಾಗ ಬರಿಯೋದಕ್ಕ ಅರ್ಥ ಐತೋ ಇಲ್ಲೋ ನೋಡಾಕ ಒಂದ್ ವಾರ ಮೆಂಬರ್ಸ್ ಮನಿಯಿಂದ ಒಂದೊಂದು ರೊಟ್ಟಿ ತರಿಸಿ ತಕ್ಕಡಿಗೆ ಹಾಕಿದೆ. ಕೆಲಸಕ್ಕ ಬರ್ಲಿಲ್ಲ, ಬಿಸಿ ರೊಟ್ಟಿಯಾಗ ನೀರು, ಕಟಕ್ ರೊಟ್ಟಿಯಾಗ ನೀರಿಲ್ಲ. ಆಮ್ಯಾಲೆ ಕೇಳಿದ್ದು, "ಒಂದ್ ಕಿಲೋ ಹಿಟ್ಟಿಗೆ ನಿಮ್ಮನಿಯಾಗ ಎಷ್ಟು ರೊಟ್ಟಿ ಆಗ್ತಾವ". ಒಬ್ರ ಮನಿಯಾಗ ಹದಿನಾಕು, ಇನ್ನೊಬ್ರ ಮನಿಯಾಗ ಇಪ್ಪತ್ತೈದು. ಅಂದ್ರ ಒಂದು ರೊಟ್ಟಿಗೆ ಎಪ್ಪತ್ತು ಗ್ರಾಂ ಹಿಟ್ಟು, ಇನ್ನೊಂದಕ್ಕ ನಲವತ್ತು. ಒಬ್ರ ಎರಡು ರೊಟ್ಟಿ ಇನ್ನೊಬ್ರ ಮೂರೂವರಿಗೆ ಸಮ. ಎಣ್ಣಿಯೂ ಹಂಗ, ತಿಂಗಳಿಗೆ ಎಷ್ಟು ಕ್ಯಾನ್ ತರ್ತೀರಿ ಅಂತ ಕೇಳ್ತೀನಿ. ನಾಕು ಮಂದಿಗೆ ಐದು ಲೀಟರ್ ಅಂದ್ರ ತಲಿಗೆ ದಿನಕ್ಕ ನಲವತ್ತು ಎಂಎಲ್ ಮ್ಯಾಲೆ, ಮುನ್ನೂರು ಕ್ಯಾಲರಿ ದಾಟ್ತು, ಅದನ್ನ ಯಾರೂ ಲೆಕ್ಕಕ್ಕ ತಗೊಂಡಿರಂಗಿಲ್ಲ.

ಈಗ ಆ ಕಿರಾಣಿ ಅಂಗಡಿಯವ್ರ ಕಡೆ ಬರ್ತೀನಿ. ಎರಡು ವರ್ಷ ಬಿಟ್ಟು ಅವರ ಮಗಳು ಕರ್ಕೊಂಡು ಬಂದ್ಲು. ತೂಕ 82 ಕಿಲೋ ಇದ್ದಂಗ ನೆನಪು. ಫೋಟೋದಾಗ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಕೂಡಿದ ಗುಳಿಗಿ, ಬಿಪಿದೊಂದು. ನಿನ್ನಿ ಲೆಕ್ಕ: ಮುಂಜಾನೆ ಮಂಡಾಳ ಒಗ್ಗರಣಿ, ಎರಡು ಮಿರ್ಚಿ, ಅಂಗಡಿಯಾಗ ಆರು ಚಹಾ, ಮೂರು ಗಂಟೆಗೆ ರೊಟ್ಟಿ ಮೂರು ಮ್ಯಾಲೆ ಅನ್ನ, ರಾತ್ರಿ ಹತ್ತೂವರಿಗೆ ಮತ್ತ ಅನ್ನ ಸಾರು. ನಾಕನೇ ಪ್ರಶ್ನೆಗೆ "ಅಂಜನಾದ್ರಿ 575 ಮೆಟ್ಟಲ ಹತ್ತಿ ಹಣಮಪ್ಪನ ದರ್ಶನ ಮಾಡ್ಬೇಕು, ಕೆಳಗ ಕುಂತು ಕೈ ಮುಗಿದು ಬರೋದು ಸಾಕಾತು" ಅಂದ್ರು.

ಈ ಸಲ ಬದಲಾಗೋ ಊಟದ ಟೈಮು, ನಡಿಯೋ ಟೈಮು ಒಂದ್ ಚೀಟಿಯಾಗ ಬರ್ದು ಅವರ ಡಾಕ್ಟರ್ ಹತ್ರ ಕಳಿಸಿದೆ. ಗುಳಿಗಿ ಕಮ್ಮಿ ಜಾಸ್ತಿ ಮಾಡೋದು ನಮ್ಮ ಕೆಲಸ ಅಲ್ಲ. ಡಾಕ್ಟರ್ ಇಸಿಜಿನೂ ನೋಡಿದ್ರು, ಗುಳಿಗಿ ಡೋಸೂ ಇಳಿಸಿದ್ರು. ನಡಿಗಿ ಖಾಲಿ ಹೊಟ್ಟೀಲೆ ಅಲ್ಲ, ನಾಷ್ಟಾ ಆದ ಮ್ಯಾಲೆ ಹದಿನೈದು ನಿಮಿಷ, ರಾತ್ರಿ ಉಂಡ ಮ್ಯಾಲೆ ಹದಿನೈದು. ಅಂಗಡಿ ಮುಚ್ಚೋದ ಒಂಬತ್ತಕ್ಕ, ಅದಕ್ಕ ಎಂಟಕ್ಕ ಅಂಗಡಿಗೇ ಡಬ್ಬಿ. ಚಹಾ ಎರಡಕ್ಕ ಇಳೀತು, ಕಪ್ಪಿಗೆ ಎರಡು ಚಮಚ ಅಂದ್ರೂ ದಿನಕ್ಕ ಎಂಟು ಚಮಚ ಸಕ್ರಿ ಅಲ್ಲೇ ಹೋತು. ಅವರ ಮನಿಯಾಗ ಕಿಲೋಕ್ಕ ಹದಿನಾರು ರೊಟ್ಟಿ, ಎರಡು ಸಾಕು, ಜೊತಿಗೆ ಪುಂಡಿಪಲ್ಯ, ಮಡಕಿಕಾಳು, ಅನ್ನ ಒಂದ ಸೌಟು. ಮಿರ್ಚಿ ಭಾನುವಾರಕ್ಕ ಮಾತ್ರ ಇಟ್ಟೆ, ಪೂರ್ತಿ ಬಂದ್ ಮಾಡಿದ್ರ ಅವರು ಹದಿನೈದು ದಿನಕ್ಕ ನನ್ನನ್ನ ಬಿಡ್ತಿದ್ರು. ಕಿಸೇದಾಗ ಯಾವಾಗ್ಲೂ ಮೂರು ಚಮಚ ಸಕ್ರಿ ಪುಡಿಕಿ: ಬೆವರು, ನಡುಕ ಬಂತಂದ್ರ ನಿಂತು, ತಿಂದು, ಕಾಲು ತಾಸು ಕುಂತು ಮತ್ತ ಚೆಕ್ ಮಾಡೋದು.

ಮೆಟ್ಟಲಕ್ಕ ಅಂತ ಅವರ ಮನಿ ಮಾಳಗಿ ಮೆಟ್ಟಲ ಹಿಡಿದ್ವಿ. ಮೊದಲ ವಾರ ಅರವತ್ತು, ಮಾತಾಡ್ಕೋತ ಹತ್ತಾಕ ಬರೋ ಅಷ್ಟ ಸ್ಪೀಡು, ದಮ್ಮು ಬಂದು ಮಾತು ತುಂಡಾದ್ರ ನಿಲ್ಲೋದು. ನಡುವ ಮೊಣಕಾಲು ನೋವು ಬಂತು, ಮೂರು ವಾರ ಮೆಟ್ಟಲ ಬಿಟ್ಟು ಬರೇ ಕುರ್ಚಿಯಿಂದ ಎದ್ದು ಕೂಡೋದು ಮಾಡಿಸಿದೆ. ಐದು ತಿಂಗಳಿಗೆ ತೂಕ 75ರ ಹತ್ರ, ಮೂರು ತಿಂಗಳ ಸಕ್ರಿ ಸರಾಸರಿ ತೋರ್ಸೋ ಎಚ್‌ಬಿಎ1ಸಿ ಒಂಬತ್ತರ ಮ್ಯಾಲಿದ್ದದ್ದು ಏಳು ಚಿಲ್ಲರಿಗೆ ಬಂತು. ಡಿಸೆಂಬರ್‌ನಾಗ, ಬಿಸಲು ಏರೋಕಿಂತ ಮೊದಲು, ಎರಡು ಕಡೆ ನಿಂತು ನೀರು ಕುಡಿದು ಬೆಟ್ಟ ಹತ್ತಿದ್ರು. ಮ್ಯಾಲಿಂದ ಫೋನ್ ಮಾಡಿದ್ರು, ಗಾಳಿ ಸಪ್ಪಳಕ್ಕ ಪೂರ್ತಿ ಕೇಳ್ಲಿಲ್ಲ.

ಈಗ ನನ್ನ ರೇಟ್ ಸಾವಿರದಿನ್ನೂರು, ತಿಂಗಳಿಗೆ ಹತ್ತು ಮಂದಿ ಬರ್ತಾರ, ಅದಕ್ಕಿಂತ ಜಾಸ್ತಿ ನಾನ ತಗೊಳಲ್ಲ. ಗರ್ಭಿಣಿಯರು, ಕಿಡ್ನಿ ತೊಂದ್ರಿ ಇದ್ದೋರು, ನಡೆದ್ರ ಎದಿ ಹಿಡಿಯೋರಿಗೆ ಚಾರ್ಟ್ ಬರಿಯಂಗಿಲ್ಲ, ರೊಕ್ಕ ಇಟ್ರೂ ವಾಪಸ್ ಕೊಡ್ತೀನಿ. ಹೋದ ತಿಂಗಳು ಆ ಪಕ್ಕದ ಓಣಿ ದೋಸ್ತ ಬಂದು "ನಿನ್ನ ಪ್ರಶ್ನೆ ಕೊಡಪಾ" ಅಂದ. ನಾಕು ಬರ್ದು ಕೊಟ್ಟೆ.