ಫೋನ್ ಬದಲಾಯಿಸೋ ಮುಂಚೆ ಅಥೆಂಟಿಕೇಟರ್ ಕೋಡ್‌ಗಳನ್ನ ಸಾಗಿಸೋದು ಹೇಗೆ

ಹೊಸ ಫೋನ್ ಬಂದ ತಕ್ಷಣ ಎಲ್ಲರೂ ಮಾಡೋದು ಒಂದೇ, ಹಳೇದ್ರಿಂದ ಎಲ್ಲಾ ಕಾಪಿ ಹೊಡೆದು, ಫೋಟೋ ಬಂತು, ಕಾಂಟ್ಯಾಕ್ಟ್ ಬಂತು, ಅಂತ ಖುಷಿಯಾಗಿ ಹಳೇ ಫೋನ್ ರೀಸೆಟ್ ಮಾಡಿ ಕೊಟ್ಟುಬಿಡೋದು. ಲಾಗಿನ್ ಆಗೋವಾಗ ಪಾಸ್‌ವರ್ಡ್ ಜೊತೆ ಹಾಕೋ ಕೋಡ್ ತೋರಿಸೋ ಅಥೆಂಟಿಕೇಟರ್ ಆ್ಯಪ್ ಕೂಡ ಬಂದಿರುತ್ತೆ, ಆದ್ರೆ ತೆಗೆದು ನೋಡಿದ್ರೆ ಒಳಗೆ ಖಾಲಿ. ಸಿಮ್ ಅದೇ ಇದೆಯಲ್ಲ, ಕೋಡ್ ಬರಬೇಕಲ್ವಾ ಅಂತಾರೆ. ಬರಲ್ಲ, ಯಾಕಂದ್ರೆ ಈ ಕೋಡ್ ಎಲ್ಲಿಂದಲೋ ಬರೋದೇ ಅಲ್ಲ. ಮೊದಲ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಫೋನ್ ಒಳಗೆ ಕೂತಿರುತ್ತೆ, ಆ ಕೀ ಮತ್ತೆ ಗಡಿಯಾರದ ಟೈಮ್ ಸೇರಿಸಿ ಆ್ಯಪ್ 30 ಸೆಕೆಂಡಿಗೊಂದು ಸಲ ಲೆಕ್ಕ ಹಾಕಿ 6 ಅಂಕಿ ತೋರಿಸುತ್ತೆ. ನೆಟ್ ಇಲ್ದೇನೂ ಕೋಡ್ ಬರೋದು ಇದಕ್ಕೇ. ಹಳೇ ಫೋನ್ ಅಳಿಸಿದ್ರೆ ಕೀ ಹೋಯ್ತು.

ಮೊದಲ ಕೆಲಸ, ಮುಖ್ಯವಾದ ಅಕೌಂಟ್‌ಗಳ ಸೆಕ್ಯುರಿಟಿ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ ಕೈಗೆ ಸಿಗದಾಗ ಅದರ ಬದಲು ಹಾಕೋ ಬ್ಯಾಕಪ್ ಕೋಡ್ ತಗೊಳ್ಳಿ. ಗೂಗಲ್ 10 ಕೋಡ್ ಕೊಡುತ್ತೆ, ಒಂದೊಂದು ಒಂದೇ ಸಲ ನಡೆಯೋದು. ಪೇಪರ್ ಮೇಲೆ ಬರೆದಿಡಿ, ಫೋನ್ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಬೇಡವೇ ಬೇಡ.

ಈಗ ಜನ ಎಡವೋ ಜಾಗ. ಗೂಗಲ್ ಅಥೆಂಟಿಕೇಟರ್ ಇದ್ರೆ ಹಳೇ ಫೋನ್‌ನಲ್ಲಿ ಮೆನು ತೆಗೆದು Transfer accounts, ಅದರೊಳಗೆ Export accounts ಒತ್ತಿ, ಬೇಕಾದ ಅಕೌಂಟ್‌ಗಳಿಗೆ ಟಿಕ್ ಹಾಕಿದ್ರೆ ಕ್ಯೂಆರ್ ಬರುತ್ತೆ. ಹೊಸ ಫೋನ್‌ನಲ್ಲಿ ಅದೇ ಜಾಗದಲ್ಲಿ Import accounts ಒತ್ತಿ ಸ್ಕ್ಯಾನ್ ಮಾಡಬೇಕು. ಇಲ್ಲಿ ಗಮನ ಇಡಿ, ಅಕೌಂಟ್ ಜಾಸ್ತಿ ಇದ್ರೆ ಎಲ್ಲಾ ಒಂದೇ ಕ್ಯೂಆರ್‌ನಲ್ಲಿ ಹಿಡಿಸಲ್ಲ. ಉದಾಹರಣೆಗೆ 14 ಅಕೌಂಟ್ ಇವೆ ಅನ್ಕೊಳ್ಳಿ, ಒಂದರಲ್ಲಿ 10 ಹೋದ್ರೆ ಉಳಿದ 4 ಎರಡನೇ ಕ್ಯೂಆರ್‌ನಲ್ಲಿ ಇರ್ತವೆ, ಮೊದಲನೇದು ಸ್ಕ್ಯಾನ್ ಆದ್ಮೇಲೆ ಹಳೇ ಫೋನ್‌ನಲ್ಲಿ ಮುಂದಕ್ಕೆ ಒತ್ತಿದ್ರೆ ಅದು ಕಾಣುತ್ತೆ. ತುಂಬಾ ಜನ ಮೊದಲನೇದಕ್ಕೇ ಕೆಲಸ ಮುಗೀತು ಅಂತ ಎದ್ದು ಹೋಗ್ತಾರೆ, ಆ 4ರಲ್ಲೇ ಆಫೀಸ್ ಮೇಲ್ ಇದ್ರೆ ಗತಿ? ಆದ್ದರಿಂದ ಎರಡೂ ಫೋನ್ ಪಕ್ಕಪಕ್ಕ ಇಟ್ಟು ಹೆಸರುಗಳನ್ನ ಒಂದೊಂದಾಗಿ ಎಣಿಸಿ. ಕೊನೆಗೆ ಹಳೇ ಫೋನ್, ಕಳಿಸಿದ ಅಕೌಂಟ್ ತೆಗೆದುಬಿಡಲಾ ಅಂತ ಕೇಳುತ್ತೆ, ಬೇಡ ಅನ್ನಿ. ಆ ಕ್ಯೂಆರ್ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ಕೀಗಳೆಲ್ಲಾ ಅದರೊಳಗೇ ಇರೋದು.

ಗೂಗಲ್ ಅಕೌಂಟ್‌ಗೆ ಸಿಂಕ್ ಆಗುತ್ತಲ್ಲ ಅಂತೀರಾ, 2023ರಿಂದ ಇದೆ, ಆನ್ ಮಾಡಿದ್ರೆ ಕೋಡ್ ತಾನಾಗೇ ಬರ್ತವೆ. ಆದ್ರೆ ಹೊಸ ಫೋನ್‌ನಲ್ಲಿ ಆ ಗೂಗಲ್ ಅಕೌಂಟ್‌ಗೆ ಲಾಗಿನ್ ಆಗೋಕೇ ಕೋಡ್ ಕೇಳಿ, ಆ ಕೋಡ್ ಅದೇ ಆ್ಯಪ್‌ನಲ್ಲಿ ಮಾತ್ರ ಇದ್ರೆ, ಬೀಗದ ಕೈ ಬೀರುವಿನ ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ನಾನು ಸಿಂಕ್ ಇದ್ರೂ ಕ್ಯೂಆರ್ ದಾರಿಯನ್ನೇ ಹಿಡೀರಿ ಅಂತೀನಿ. ಬೇರೆ ಆ್ಯಪ್ ಬಳಸೋರು, ಎಕ್ಸ್‌ಪೋರ್ಟ್ ಸೌಲಭ್ಯ ಇದೆಯಾ ನೋಡಿ. ಇಲ್ದಿದ್ರೆ ಆ ಆ್ಯಪ್ ಬಿಡೋದೇ ವಾಸಿ, ಪ್ರತಿ ಸೈಟ್‌ಗೂ ಹೋಗಿ ಹೊಸ ಕ್ಯೂಆರ್ ಹಾಕಿಸ್ಕೊಳ್ಳಿ. ಹಾಗೆ ಹಾಕಿದ್ಮೇಲೆ ಸಾಮಾನ್ಯವಾಗಿ ಹಳೇ ಫೋನ್‌ನ ಕೋಡ್ ಆ ಸೈಟ್‌ಗೆ ನಡೆಯಲ್ಲ, ಅದು ಸರಿಯೇ.

ಆಮೇಲೆ ಟೆಸ್ಟ್. ಹೊಸ ಕ್ಯೂಆರ್ ಹಾಕಿಸದೆ ಹಳೇದ್ರಿಂದಲೇ ತಂದ ಅಕೌಂಟ್ ಆದ್ರೆ, ಒಂದೇ ಹೊತ್ತಲ್ಲಿ ಎರಡೂ ಫೋನ್‌ನಲ್ಲಿ ಅದರ 6 ಅಂಕಿ ಒಂದೇ ಇರಬೇಕು. ಬೇರೆ ಇದ್ರೆ ಮೊದಲು ಫೋನ್ ಟೈಮ್ ಆಟೋಮ್ಯಾಟಿಕ್‌ಗೆ ಹಾಕಿ ನೋಡಿ. ಅಷ್ಟಕ್ಕೇ ಬಿಡದೆ, ಕಂಪ್ಯೂಟರ್‌ನಲ್ಲಿ ಪ್ರೈವೇಟ್ ವಿಂಡೋ ತೆಗೆದು ಹೊಸ ಫೋನ್‌ನ ಕೋಡ್ ಹಾಕಿ ಲಾಗಿನ್ ಆಗಿ ನೋಡಿ. ಮಾಮೂಲಿ ವಿಂಡೋದಲ್ಲಿ ಹಿಂದೆ ಎಂದೋ ಈ ಡಿವೈಸ್‌ನಲ್ಲಿ ಮತ್ತೆ ಕೇಳಬೇಡ ಅಂತ ಟಿಕ್ ಹಾಕಿರ್ತೀರಿ, ಕೋಡೇ ಕೇಳಲ್ಲ, ಎಲ್ಲಾ ಸರಿ ಇದೆ ಅನ್ನೋ ಭ್ರಮೆ ಬರುತ್ತೆ.

ಹಳೇ ಫೋನ್ ಆಗಲೇ ಹೋಗಿದ್ರೆ, ಆ ಅಕೌಂಟ್ ಯಾವುದಾದ್ರೂ ಬ್ರೌಸರ್‌ನಲ್ಲಿ ಇನ್ನೂ ತೆರೆದಿದೆಯಾ ಹುಡುಕಿ, ಲಾಗೌಟ್ ಮಾತ್ರ ಆಗಬೇಡಿ, ಕೆಲವು ಸೈಟ್‌ಗಳಲ್ಲಿ ಅಲ್ಲಿಂದಲೇ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಫೋನ್ ಸೇರಿಸಬಹುದು. ಇಲ್ಲಾಂದ್ರೆ ಬ್ಯಾಕಪ್ ಕೋಡ್, ಅದೂ ಇಲ್ಲಾಂದ್ರೆ ಆ ಸೈಟಿನ ರಿಕವರಿ ಫಾರ್ಮ್ ತುಂಬಿ ಕಾಯೋದು, ಆಫೀಸ್ ಅಕೌಂಟ್ ಆದ್ರೆ ಐಟಿಯವರಿಗೆ ಹೇಳಿ ರೀಸೆಟ್ ಮಾಡಿಸ್ಕೊಳ್ಳೋದು. ದುಡ್ಡು ಕೊಡಿ, ಅಳಿಸಿದ ಕೋಡ್ ವಾಪಸ್ ತಂದುಕೊಡ್ತೀವಿ ಅನ್ನೋರ ಹತ್ರ ಮಾತ್ರ ಹೋಗಬೇಡಿ, ನಿಮ್ಮ ಪಾಸ್‌ವರ್ಡ್ ಕೂಡ ಅವರ ಕೈ ಸೇರುತ್ತೆ.